ಪಕ್ಕದವರ ಪರವಾನಗಿ ನಮಗೆ ಆಧಾರವಾಗುತ್ತದೆಯೇ?

ಪ್ರಶ್ನೆ: ಕಾರವಾರದ ಹತ್ತಿರ ಕಡಲಂಚಿನ ನಿರ್ಮಾಣ ನಿಷಿದ್ಧ ವಲಯದಲ್ಲಿ ಪಕ್ಕದವರಿಗೆ ಮನೆ ಕಟ್ಟಲು ಪರವಾನಗಿ ಕೊಟ್ಟಿದ್ದಾರೆ. ನನಗೂ ಕೊಡಬೇಕಲ್ಲವೇ?

ಉತ್ತರ: ಆ ಪರವಾನಗಿ ನಿಯಮಬಾಹಿರವಾಗಿದ್ದರೆ ಕೊಡಬೇಕಾಗಿಲ್ಲ. ಸಂವಿಧಾನದ 14ನೇ ವಿಧಿ ಹೇಳುವುದು ಕಾನೂನಿನ ಮುಂದಿನ ಸಮಾನತೆಯನ್ನು; ಕಾನೂನು ಮೀರಿ ಒಬ್ಬರಿಗೆ ಸಿಕ್ಕ ಲಾಭವನ್ನು ಮತ್ತೊಬ್ಬರು ಅದರ ಬಲದಿಂದ ಕೇಳುವಂತಿಲ್ಲ. ಚಂಡೀಗಢ ಆಡಳಿತ ಮತ್ತು ಜಗಜಿತ್ ಸಿಂಗ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ, ಇನ್ನೊಬ್ಬರ ಪರವಾದ ಆದೇಶವೇ ಅಕ್ರಮವಾಗಿದ್ದರೆ ಅದೇ ಅಕ್ರಮವನ್ನು ಮತ್ತೆ ಎಸಗುವಂತೆ ಅಧಿಕಾರಿಯನ್ನು ಒತ್ತಾಯಿಸಲಾಗದು ಎಂದು ಸ್ಪಷ್ಟಪಡಿಸಿತು. ಇಲ್ಲವಾದರೆ ಒಂದು ತಪ್ಪು ಪರವಾನಗಿಯೇ ಇಡೀ ದಂಡೆಗೆ ನಿಯಮವಾಗಿಬಿಡುತ್ತಿತ್ತು.

ಆದ್ದರಿಂದ ಮೊದಲು ಕರಾವಳಿ ವಲಯದ ನಕ್ಷೆಯಲ್ಲಿ ಉಬ್ಬರದ ರೇಖೆಯಿಂದ ಎರಡೂ ಜಾಗಗಳ ದೂರವನ್ನು ನೋಡಿ. ಇಬ್ಬರ ಜಾಗವೂ ನಿಷಿದ್ಧ ವಲಯದ ಹೊರಗಿದ್ದು, ಉಳಿದೆಲ್ಲ ಷರತ್ತುಗಳನ್ನು ಪೂರೈಸಿದ್ದರೂ ನಿಮಗೆ ಮಾತ್ರ ನಿರಾಕರಿಸಿದ್ದರೆ, ಅದು ನಿಜವಾದ ತಾರತಮ್ಯ. ಆಗ 14ನೇ ವಿಧಿ ನಿಮ್ಮ ನೆರವಿಗೆ ಬರುತ್ತದೆ.