ಮೂರನೆಯ ಟಿಕ್‌ಗೆ ಎಷ್ಟು ಹೊತ್ತು ಕಾಯಬೇಕು?

ಯಾದೃಚ್ಛಿಕವಾಗಿ ಬರುವ ಹಲವು ಘಟನೆಗಳಿಗೆ ಕಾಯುವ ಸಮಯ ಗಾಮಾ ವಿತರಣೆಯನ್ನು ಅನುಸರಿಸುವುದು ಏಕೆ?

ಆ ಸಮಯವು ಒಂದರ ಹಿಂದೊಂದು ಬರುವ ಸ್ವತಂತ್ರ ಅಂತರಗಳ ಮೊತ್ತವಾದ್ದರಿಂದ. ಪ್ರತಿ ಅಂತರವೂ ಘಾತೀಯ ವಿತರಣೆಯದು, ಅಂದರೆ ಚಿಕ್ಕ ಅಂತರಗಳೇ ಹೆಚ್ಚು, ದೊಡ್ಡವು ಅಪರೂಪ. ಒಂದೇ ಸರಾಸರಿಯ ಅಂಥವನ್ನು ಕೂಡಿದರೆ ಸಿಗುವುದೇ ಗಾಮಾ.

ವಿಕಿರಣವನ್ನು ಪತ್ತೆಮಾಡುವ ಗೈಗರ್ ಕೌಂಟರ್ ಸರಾಸರಿ 2 ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತಿದೆ ಎನ್ನೋಣ. (ಗಾಮಾ ಕಿರಣಕ್ಕೂ ಈ ಹೆಸರಿಗೂ ಸಂಬಂಧವಿಲ್ಲ!) ಮೊದಲ ಟಿಕ್ 1 ಸೆಕೆಂಡಿನೊಳಗೆ ಕೇಳುವ ಸಂಭವನೀಯತೆ ಸುಮಾರು ಶೇ 39. ಮೂರನೆಯದೂ ಅಷ್ಟರಲ್ಲೇ ಕೇಳಬೇಕಾದರೆ ಮೂರೂ ಅಂತರಗಳು ಚಿಕ್ಕವಾಗಿರಬೇಕು. ಅದರ ಸಂಭವನೀಯತೆ ಕೇವಲ ಶೇ 1.4. ಹೀಗಾಗಿ ಮೂರನೆಯ ಟಿಕ್ ಯಾವಾಗ ಬರುವ ಸಾಧ್ಯತೆ ಎಷ್ಟು ಎಂದು ತೋರಿಸುವ ರೇಖೆ ಸೊನ್ನೆಯಿಂದ ಏರಿ, 4 ಸೆಕೆಂಡಿನಲ್ಲಿ ಶಿಖರ ಮುಟ್ಟಿ, ನಿಧಾನವಾಗಿ ಇಳಿಯುತ್ತದೆ. ಆ ಉದ್ದ ಬಾಲದಿಂದಾಗಿ ಸರಾಸರಿ 6 ಸೆಕೆಂಡು. ಟಿಕ್‌ಗಳ ಸರಾಸರಿ ವೇಗ ನಡುವೆ ಬದಲಾದರೆ ಈ ಲೆಕ್ಕ ನಿಲ್ಲದು.