‘ಹೋಗಬೇಡ’ ಎಲ್ಲಿ ‘ಹೋಗುವುದಿಲ್ಲ’ ಆಯಿತು?

“ಸರ್, ಸಾವಿನಂಚಿನ ತಂದೆಗೆ ಮಗ ಹೇಳುವ, ಡಿಲನ್ ಥಾಮಸ್‌ನ ‘ಡು ನಾಟ್ ಗೋ ಜಂಟಲ್’ ವಿಲನೆಲ್ ಬಗ್ಗೆ ಬಿ.ಎ. ಕೊನೆಯ ವರ್ಷಕ್ಕೆ ಬರೆದ ಪ್ರಬಂಧವಿದು. ಪಲ್ಲವಿ ಮರಳಿದಾಗಲೆಲ್ಲ ಅದರ ಅರ್ಥ ಗಾಢವಾಗುತ್ತದೆ ಎಂಬುದು ನನ್ನ ವಾದ. ಮುಲಾಜಿಲ್ಲದೆ ಹೇಳಿ.”

ಭಾಷೆ ಶುದ್ಧವಾಗಿದೆ, ಎರಡು ಸಾಲುಗಳು ಪಲ್ಲವಿಯಾಗಿ ಮತ್ತೆ ಮತ್ತೆ ಮರಳುವ ವಿಲನೆಲ್‌ನ ಹತ್ತೊಂಬತ್ತು ಸಾಲುಗಳ ಲೆಕ್ಕವೂ ಸರಿಯಿದೆ. ಆದರೆ ಆ ‘ಗಾಢ’ ನನ್ನನ್ನು ಕೆಣಕಿತು. ಏಳು ಕಡೆ ಬಂದಿದೆ, ಒಂದು ಕಡೆಯೂ ಅದೇನೆಂದು ತಿಳಿಯಲಿಲ್ಲ.

ಎರಡನೇ ಪುಟದಲ್ಲಿ, “ಆರನೇ ಸಾಲಿನಲ್ಲಿ ಕವಿ ತಂದೆಗೆ ಮತ್ತೆ ಹೋಗಬೇಡ ಎನ್ನುತ್ತಾನೆ” ಎಂದಿದ್ದೀರಿ. ಇಲ್ಲ, ಅಲ್ಲಿ ಅವನು ಯಾರಿಗೂ ಏನೂ ಹೇಳುತ್ತಿಲ್ಲ. ಐದನೇ ಸಾಲಿನ ಕೊನೆಯ ಪದ ನೋಡಿ: ‘ದೇ’, ಅಂದರೆ ಅವರು. ನಡುವೆ ಅಲ್ಪವಿರಾಮವೂ ಇಲ್ಲ. ಆ ‘ಅವರು’ ಜಾರಿ ಬಂದು ಪಲ್ಲವಿಗೆ ಕರ್ತೃವಾಗುತ್ತದೆ. ಮೊದಲ ಸಾಲಿನಲ್ಲಿ ‘ಹೋಗಬೇಡ’ ಎಂಬ ಆಜ್ಞೆಯಾಗಿದ್ದದ್ದು ಇಲ್ಲಿ ‘ಜ್ಞಾನಿಗಳು ಹೋಗುವುದಿಲ್ಲ’ ಎಂಬ ವರದಿ. ಒಂದಕ್ಷರವೂ ಬದಲಾಗಿಲ್ಲ.

ನಾನೂ ಇದೇ ಗುಂಡಿಗೆ ಬಿದ್ದವನು. ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುವಾಗ ಈ ಪದ್ಯವನ್ನು ಅನುವಾದಿಸಿ, ನಾಲ್ಕೂ ಕಡೆ ‘ಹೋಗಬೇಡ’ ಎಂದು ಬರೆದು ಹಿರಿಯರೊಬ್ಬರ ಮೇಜಿನ ಮೇಲಿಟ್ಟೆ. ಅವರು ಎರಡನೇ ಚರಣಕ್ಕೆ ಬೆರಳಿಟ್ಟು, “ಇಲ್ಲಿ ಯಾರಿಗೋ ಹೇಳ್ತಿರೋದು?” ಎಂದರು. ಉತ್ತರವಿರಲಿಲ್ಲ. ಕನ್ನಡದಲ್ಲಿ ಆಜ್ಞೆಗೂ ವರದಿಗೂ ಕ್ರಿಯಾರೂಪ ಬೇರೆಯಾಗಲೇಬೇಕು. ಹಾಗಾಗಿ ಇಂಗ್ಲಿಷ್ ಒಳಗೆ ಮುಚ್ಚಿಟ್ಟದ್ದು ಅನುವಾದದಲ್ಲಿ ಬಯಲಾಗುತ್ತದೆ.

ಮೂರನೇ ಪುಟದಲ್ಲಿ “ನಾಲ್ಕು ಬಗೆಯ ಮನುಷ್ಯರು ಇಡೀ ಮನುಕುಲದ ಪ್ರತೀಕ” ಎಂದಿದ್ದೀರಿ. ಇರಬಹುದು. ಆದರೆ ಅವರೆಲ್ಲ ಯಾಕೆ ಬಹುವಚನ? ‘ಒಬ್ಬ ಜ್ಞಾನಿ’ ಎಂದಿದ್ದರೆ ಪಲ್ಲವಿ ‘ಡಸ್ ನಾಟ್ ಗೋ’ ಆಗಬೇಕಿತ್ತು. ರೊಚ್ಚಿಗೇಳು ಎನ್ನುವ ಎರಡನೇ ಪಲ್ಲವಿಯಲ್ಲೂ ‘ರೇಜ್’ ಹೋಗಿ ‘ರೇಜಸ್’ ಬರುತ್ತಿತ್ತು. ಅಲ್ಲಿಗೆ ವಿಲನೆಲ್ ಮುರಿದ ಹಾಗೆ, ಅಲ್ವಾ? ಬಹುವಚನ ಇರುವುದರಿಂದಲೇ ನಡುವಿನ ನಾಲ್ಕು ಚರಣಗಳಲ್ಲಿ ಎರಡೂ ಪಲ್ಲವಿಗಳು ವೇಷ ಬದಲಿಸದೆ ಪಾತ್ರ ಬದಲಿಸುತ್ತವೆ.

ಇನ್ನು ಕೊನೆಯ ಚರಣ. “ಮತ್ತದೇ ಆಜ್ಞೆ” ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ! ಅಪ್ಪ ಪದ್ಯದೊಳಗೆ ಬರುವುದೇ ಹದಿನಾರನೇ ಸಾಲಿಗೆ. ಅಲ್ಲಿಯವರೆಗೆ ಆಜ್ಞೆ ಯಾರಿಗೆಂದೇ ಗೊತ್ತಿರಲಿಲ್ಲ. ಹದಿನೇಳನೇ ಸಾಲು ‘ಬೇಡುತ್ತೇನೆ’ ಎಂದು ಮುಗಿದು ಪೂರ್ಣವಿರಾಮ ಬೀಳುತ್ತದೆ. ಅದರ ಬೆನ್ನಿಗೇ ‘ಹೋಗಬೇಡ’. ನಾಲ್ಕು ಬಗೆಯ ಜನರ ಸಾಕ್ಷಿ ಹೇಳಿಸಿ ಮುಗಿಸಿದ ಮಗ ಈಗ ಅಂಗಲಾಚುತ್ತಿದ್ದಾನೆ. ಆಜ್ಞಾರ್ಥಕ ಮರಳಿದೆ ನಿಜ, ಆದರೆ ಆಜ್ಞೆ ಮಾಡುವ ದನಿ ಉಳಿದಿಲ್ಲ.

ಕವಿಯ ಕುಡಿತದ ಕಥೆ ಇರುವ ಪುಟ ತೆಗೆದುಹಾಕಿ. ಎಂಟು ಪಲ್ಲವಿ ಸಾಲುಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಪಕ್ಕ ಕರ್ತೃ ಯಾರೆಂದು ಗುರುತಿಸಿ. ಆ ಹಾಳೆಯನ್ನೂ ಪ್ರಬಂಧದ ಜೊತೆ ಕಳಿಸಿ.