ಸ್ಪ್ರಿಂಗ್ ಸಾಲಿನ ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್

ಪ್ರಶ್ನೆ: ಗೋಡೆಗೆ ಬಿಗಿದ ಎರಡು ಸ್ಪ್ರಿಂಗ್‌ಗಳ ಸಾಲಿಗೆ 3×3 ಮ್ಯಾಟ್ರಿಕ್ಸ್ ಬರೆದೆ. ಇನ್ವರ್ಸ್ ಬರ್ತಿಲ್ಲ, ಯಾಕೆ?

ಗೋಡೆಯ ನೋಡ್ ಇನ್ನೂ ಲೆಕ್ಕದಲ್ಲಿದೆ. ಹಾಗಿದ್ದಾಗ ಇಡೀ ಸಾಲು ಹಿಗ್ಗದೆಯೇ ಸುಮ್ನೆ ಜಾರಬಹುದು, ಅದಕ್ಕೇ ಡಿಟರ್ಮಿನೆಂಟ್ ಸೊನ್ನೆ. ಅಲ್ಲಿ `u1 = 0` ಅಲ್ವಾ? ಆ ನೋಡ್‌ನ ಸಾಲು, ಕಾಲಂ ಎರಡನ್ನೂ ತೆಗೆಯಿರಿ.

ಗೋಡೆ ಕಡೆಯ ಸ್ಪ್ರಿಂಗ್ 100 N/mm, ಮುಂದಿನದು 50 N/mm ಇರಲಿ. ನಡುವಿನ ನೋಡ್‌ಗೆ 100 N, ತುದಿಗೆ 200 N ಎಳೆತ, ಎರಡೂ ಗೋಡೆಯಿಂದ ಹೊರಕ್ಕೆ:

```
150·u2 - 50·u3 = 100
-50·u2 + 50·u3 = 200
```

ಎರಡನ್ನೂ ಕೂಡಿದರೆ `u2 = 3` mm, ಆಮೇಲೆ `u3 = 7` mm.

ಜಾಸ್ತಿ ಜನ ಎಡವೋದು ಬಲ ಹುಡುಕುವಾಗ. ಎರಡನೇ ಸ್ಪ್ರಿಂಗ್ 7 mm ಹಿಗ್ಗಿಲ್ಲ, 7 − 3 = 4 mm ಅಷ್ಟೇ ಹಿಗ್ಗಿದೆ. ಆದ್ದರಿಂದ ಅದರ ಬಲ 50 × 4 = 200 N. ಮೊದಲನೆಯದರಲ್ಲಿ 100 × 3 = 300 N. ಗೋಡೆ ಹಿಂದಕ್ಕೆ ಎಳೆಯುವುದೂ ಇಷ್ಟೇ: ಹೊರಗಿನ ಲೋಡ್‌ಗಳ ಮೊತ್ತಕ್ಕೆ ಸರಿಯಾಗಿ ತಾಳೆಯಾಗುತ್ತದೆ.